#shorts ಹಾಕದಿದ್ದರೆ ಓಡಲ್ಲವೇ? ಸತ್ಯಾಂಶ

ಫಾರ್ವರ್ಡ್: “ಟೈಟಲ್‌ನಲ್ಲಿ #shorts, #viral ಹಾಕಿ, ಡಿಸ್ಕ್ರಿಪ್ಷನ್ ತುಂಬಾ ಹ್ಯಾಶ್‌ಟ್ಯಾಗ್ ತುಂಬಿಸಿ. ಇಲ್ಲದಿದ್ದರೆ ಯೂಟ್ಯೂಬ್ ನಿಮ್ಮ ಶಾರ್ಟ್ಸ್ ಯಾರಿಗೂ ತೋರಿಸಲ್ಲ.”

ಹಾಗೇನಿಲ್ಲ. ವಿಡಿಯೊ ಲಂಬ ಅಥವಾ ಚೌಕ ಆಕಾರದಲ್ಲಿದ್ದು 3 ನಿಮಿಷದೊಳಗಿದ್ದರೆ ಯೂಟ್ಯೂಬ್ ತಾನಾಗಿಯೇ ಅದನ್ನು ಶಾರ್ಟ್ಸ್ ಎಂದು ಪರಿಗಣಿಸುತ್ತದೆ. ಹ್ಯಾಶ್‌ಟ್ಯಾಗ್ 60 ದಾಟಿದರಂತೂ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತುಂಬಿಸಿದ ಶ್ರಮವೇ ದಂಡ.

ದೊಡ್ಡ ವಿಡಿಯೊವನ್ನು ಜನ ಸಾಮಾನ್ಯವಾಗಿ ಟೈಟಲ್, ಥಂಬ್‌ನೇಲ್ ನೋಡಿ ಒತ್ತುತ್ತಾರೆ. ಶಾರ್ಟ್ಸ್ ಫೀಡ್‌ನಲ್ಲಿ ಒತ್ತುವ ಮಾತೇ ಇಲ್ಲ, ವಿಡಿಯೊ ತಾನೇ ಶುರುವಾಗುತ್ತದೆ. ಅಲ್ಲಿ ನಿರ್ಧಾರವಾಗುವುದು ಮೊದಲ ಕ್ಷಣಗಳಲ್ಲಿ ನೋಡುಗ ನಿಂತನೋ, ಸ್ವೈಪ್ ಮಾಡಿದನೋ ಎಂಬುದರ ಮೇಲೆ.

ಹಾಗಂತ ಟೈಟಲ್ ದಂಡವಲ್ಲ. ಸರ್ಚ್‌ನಲ್ಲಿ ಅದಕ್ಕೆ ಬೆಲೆಯಿದೆ. “ಈ ಟ್ರಿಕ್ ಗೊತ್ತಾ? #viral” ಎಂದು ಯಾರೂ ಹುಡುಕುವುದಿಲ್ಲ. “ಡಿಲೀಟ್ ಆದ ಫೋಟೊ ವಾಪಸ್ ಪಡೆಯೋದು ಹೇಗೆ” ಎಂದು ಹುಡುಕುತ್ತಾರೆ. ಟೈಟಲ್ ಹಾಗೇ ಇರಲಿ. ಸಣ್ಣ ಪರದೆಯಲ್ಲಿ ಬಾಲ ಕತ್ತರಿಸಿಹೋಗುವುದರಿಂದ “ಡಿಲೀಟ್ ಆದ ಫೋಟೊ” ಮೊದಲೇ ಬರಬೇಕು. ಡಿಸ್ಕ್ರಿಪ್ಷನ್‌ಗೆ ಯಾವ ಫೋನ್, ಯಾವ ಆ್ಯಪ್ ಎಂದು ಎರಡು ಸಾಲು ಸಾಕು. ಅಲ್ಲಿ ಲಿಂಕ್ ಹಾಕಿದರೂ ಒತ್ತಲು ಬರುವುದಿಲ್ಲ, 2023ರ ಆಗಸ್ಟ್ 31ರಿಂದ ಅದು ಬಂದ್.

ಅನುಮಾನವಿದ್ದರೆ ಯೂಟ್ಯೂಬ್ ಸ್ಟುಡಿಯೊದ ಅನಾಲಿಟಿಕ್ಸ್‌ನಲ್ಲಿ Shorts feed ಮತ್ತು YouTube search ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಟೈಟಲ್ ಬದಲಿಸಿದ ಮೇಲೆ ಗಮನಿಸಬೇಕಾದದ್ದು ಎರಡನೆಯದನ್ನು.