ಸತ್ಯಾಂಶ: ಡಿಪಿಐ 300 ಎಂದು ಬರೆದರೆ ಫೋಟೊ ಸ್ಪಷ್ಟವಾಗುತ್ತದೆಯೇ?

"ಫೋಟೊದ ಡಿಪಿಐ 300 ಮಾಡಿ ಪಿಡಿಎಫ್‌ಗೆ ಹಾಕಿ, ಪ್ರಿಂಟ್ ಸೂಪರಾಗಿ ಬರುತ್ತೆ."

ಬರುವುದಿಲ್ಲ. ಇಂಚಿಗೆ ಇಷ್ಟು ಚುಕ್ಕಿ ಎಂದು ಹೇಳುವ ಆ 300 ಫೈಲಿಗೆ ಅಂಟಿಸಿದ ಚೀಟಿಯಷ್ಟೇ, ಪಿಕ್ಸೆಲ್ ಒಂದೂ ಹೆಚ್ಚುವುದಿಲ್ಲ. ಪುಟದಲ್ಲಿ ಚಿತ್ರ ಎಷ್ಟು ಅಗಲ ಕೂತಿದೆ ಎಂಬುದೇ ಲೆಕ್ಕ. ವಾಟ್ಸಾಪಿನಲ್ಲಿ ಬಂದ 1200 ಪಿಕ್ಸೆಲ್ ಅಗಲದ ಫೋಟೊ ಮದುವೆ ಕಾರ್ಡಿನಲ್ಲಿ 4 ಇಂಚಿಗೆ ಕೂತರೆ ಇಂಚಿಗೆ 300 ಪಿಕ್ಸೆಲ್. ಅದನ್ನೇ 8 ಇಂಚಿಗೆ ಎಳೆದರೆ 150; ಕೂದಲು, ಜರಿಯಂಚು ಮಸುಕಾಗುತ್ತವೆ.

ಚಿಕ್ಕಪೇಟೆಯ ಪ್ರಿಂಟಿಂಗ್ ಅಂಗಡಿಗೆ ಕೊಡುವ ಮೊದಲು, ಪಾಪ್ಲರ್ ಎಂಬ ಪಿಡಿಎಫ್ ಸಾಫ್ಟ್‌ವೇರ್ ಹಾಕಿರುವ ಕಂಪ್ಯೂಟರಿನಲ್ಲಿ ಹೀಗೆ ನೋಡಿ:

```
pdfimages -list card.pdf
```

`x-ppi`, `y-ppi` ಕಾಲಂಗಳಲ್ಲಿ ಕಾಣುವುದು ಪುಟದಲ್ಲಿ ಹಿಗ್ಗಿಸಿದ ಅಥವಾ ಕುಗ್ಗಿಸಿದ ನಂತರ ಇಂಚಿಗೆ ಬೀಳುವ ಪಿಕ್ಸೆಲ್ ಸಂಖ್ಯೆ. ಕೈಯಲ್ಲಿ ಹಿಡಿದು ನೋಡುವ ಕಾರ್ಡಿಗೆ 300ರ ಆಸುಪಾಸು ಇರಲಿ. ದೂರದಿಂದ ನೋಡುವ ಬ್ಯಾನರಿಗೆ 100 ಸಾಕು. ಒಂದು ಎಚ್ಚರ: ರೀಸ್ಯಾಂಪಲ್ ಮಾಡಿ, ಅಂದರೆ ಸಾಫ್ಟ್‌ವೇರ್ ಊಹಿಸಿದ ಪಿಕ್ಸೆಲ್ ತುಂಬಿಸಿ ಉಬ್ಬಿಸಿದ ಫೋಟೊ ಕೂಡ ಇಲ್ಲಿ 300 ತೋರಿಸುತ್ತದೆ. ಹಾಗಾಗಿ ಮೂಲ ಫೋಟೊವನ್ನೇ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ರೂಪದಲ್ಲಿ ತರಿಸಿಕೊಳ್ಳಿ.