ಹಾಸ್ಯಗಾರ ಬರೀ ನಗಿಸಲು ಬರುವುದಿಲ್ಲ

“ಪ್ರೇಮದ ಸನ್ನಿವೇಶಕ್ಕೆ ಹಾಸ್ಯಗಾರನನ್ನು ತರುವುದು ಜನರನ್ನು ನಗಿಸಲಷ್ಟೇ.”

ಲೇಖಕರೊಬ್ಬರು ಬೇಸರದಿಂದ ಬರೆದ ಈ ಮಾತನ್ನು ನಾನು ಒಪ್ಪುವುದಿಲ್ಲ. ಯಕ್ಷಗಾನದ ರುಕ್ಮಿಣಿ ಕಲ್ಯಾಣವನ್ನೇ ನೋಡಿ. ರುಕ್ಮಿಣಿಯ ಓಲೆಯನ್ನು ದ್ವಾರಕೆಗೆ ಒಯ್ಯುವ ಬ್ರಾಹ್ಮಣನ ಪಾತ್ರ ಸಾಮಾನ್ಯವಾಗಿ ಹಾಸ್ಯಗಾರನ ಪಾಲಿಗೇ ಬರುತ್ತದೆ. ಅಣ್ಣ ರುಕ್ಮಿ ತಂಗಿಯನ್ನು ಶಿಶುಪಾಲನಿಗೆ ಕೊಡಲು ಹೊರಟಿದ್ದಾನೆ, ಸಮಯ ಇಲ್ಲ. ಅವಳು ಅವಸರಪಡಿಸುತ್ತಾಳೆ. ಇವನು ದಾರಿ ದೂರ, ವಯಸ್ಸಾಯಿತು ಅಂತ ಎಳೆಯುತ್ತಾನೆ. ನಾವು ನಗುತ್ತೇವೆ ನಿಜ, ಆದರೆ ಅವನು ತಡ ಮಾಡಿದಷ್ಟೂ ಅವಳ ತಳಮಳ ಜಾಸ್ತಿಯಾಗುತ್ತದೆ. ಪ್ರೇಮಿಗಳು ಇನ್ನೂ ಎದುರುಬದುರು ಆಗಿಯೇ ಇಲ್ಲ ಅಲ್ವಾ? ಅವಳು ಬಾಯಿಬಿಟ್ಟು ಹೇಳಲು ನಾಚುವ ಆಸೆಯನ್ನು ಇವನು ಕೆದಕಿ ಕೆದಕಿ ಹೊರಗೆ ತರುತ್ತಾನೆ.

ಕೆಡುವುದು ಬೇರೆ ಕಡೆ. ಶೃಂಗಾರದ ಪದಕ್ಕೆ ಸಾಮಾನ್ಯವಾಗಿ ಚೆಂಡೆ ಸುಮ್ಮನಾಗಿ ಮದ್ದಳೆ ಮಾತ್ರ ನುಡಿಯುತ್ತದೆ. ಭಾಗವತರು ಸಾಲನ್ನು ಮತ್ತೆ ಮತ್ತೆ ಹಾಡುವಾಗ ಸ್ತ್ರೀವೇಷದ ಕಣ್ಣು, ಕತ್ತು, ಕೈಬೆರಳು ಮಾತಾಡಬೇಕು. ಆಗ ಹಾಸ್ಯಗಾರ ಒಂದು ಕಡೆ ಸುಮ್ನೆ ನಿಂತಿರಬೇಕು. ಪದದ ನಡುವೆಯೂ ಚೇಷ್ಟೆ ಮಾಡಿದರೆ ಅವಳ ಅಭಿನಯ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಲೇಖಕರು ಬೇಸರಪಟ್ಟಿದ್ದು ಇಂಥ ಆಟ ನೋಡಿಯೇ ಇರಬೇಕು.