ಫ್ರಿಜ್ಜು ಓಡಬೇಕೆಂದರೆ ಬ್ಯಾಟರಿಗಿಂತ ಮೊದಲು ಇನ್ವರ್ಟರ್ ನೋಡಿ

ನಮ್ಮದು ತೀರ್ಥಹಳ್ಳಿ ಕಡೆಯ ಮನೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಹತ್ತು ಗಂಟೆ ಕರೆಂಟು ಇರುವುದಿಲ್ಲ. 700 ವಿಎ ಇನ್ವರ್ಟರಿಗೆ ಫ್ರಿಜ್ಜು ಹಾಕಿದಾಗಲೆಲ್ಲ ಓವರ್‌ಲೋಡ್ ಲೈಟು ಹತ್ತಿ ಎಲ್ಲ ಆಫ್ ಆಗುತ್ತಿತ್ತು. ಅಂಗಡಿಯವರು ದೊಡ್ಡ ಬ್ಯಾಟರಿ ಹಾಕಿ ಎಂದರು. 150 ಎಎಚ್ ತೆಗೆದು 200 ಎಎಚ್ ಟ್ಯೂಬುಲರ್ ಹಾಕಿಸಿದೆವು. ಮತ್ತೆ ಅದೇ ಲೈಟು! ಸುಮ್ನೆ ದುಡ್ಡು ಹೋಯಿತು ಅನ್ನುವ ಸಿಟ್ಟು ನನಗೆ ಇನ್ನೂ ಇದೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎನ್ನುವುದು ಬೇರೆ, ಕಂಪ್ರೆಸರ್ ಶುರುವಾಗುತ್ತದೋ ಇಲ್ಲವೋ ಎನ್ನುವುದು ಬೇರೆ. ನಮ್ಮ 190 ಲೀಟರಿನ ಹಳೇ ತರದ ಸಿಂಗಲ್ ಡೋರ್ ಫ್ರಿಜ್ಜು ಓಡುವಾಗ ತಿನ್ನುವುದು 110 ವ್ಯಾಟ್ ಅಷ್ಟೇ. ಆದರೆ ನಿಂತಿರುವ ಮೋಟರು ಹೊರಡುವಾಗ, ಒಂದು ಸೆಕೆಂಡಿಗೂ ಕಡಿಮೆ ಹೊತ್ತು, ಹಲವು ಪಟ್ಟು ಜಾಸ್ತಿ ಎಳೆಯುತ್ತದೆ, ಸಾವಿರ ವಿಎ ಸುತ್ತಮುತ್ತ ಹೋಗಬಹುದು. 700ರ ಇನ್ವರ್ಟರಿಗೆ ಅದು ಆಗದ ಕೆಲಸ. ಕೊನೆಗೆ 1100 ವಿಎ ಪ್ಯೂರ್ ಸೈನ್ ವೇವ್ ತಂದ ಮೇಲೆ ಸರಿಹೋಯಿತು. ಇನ್ವರ್ಟರ್ ಕಂಪ್ರೆಸರ್ ಇರುವ ಹೊಸ ಫ್ರಿಜ್ಜುಗಳು ನಿಧಾನ ಶುರುವಾಗುವುದರಿಂದ ಅವುಗಳಲ್ಲಿ ಈ ಕಾಟ ಕಡಿಮೆ.

ಇನ್ನು ಗಂಟೆಗಳ ಲೆಕ್ಕ. ಮನೆಯಲ್ಲಿ ಉಳಿದದ್ದೆಲ್ಲ ಆಫ್ ಮಾಡಿ, ಫ್ರಿಜ್ಜು ಓಡುವಾಗ ಕರೆಂಟು ಮೀಟರಿನ ಕೆಂಪು ದೀಪ ಎಣಿಸಿದೆ. ನಮ್ಮ ಮೀಟರಿನಲ್ಲಿ 3200 imp/kWh ಎಂದಿದೆ, ಅಂದರೆ 3200 ಸಲ ಮಿನುಗಿದರೆ ಒಂದು ಯೂನಿಟ್. ನಿಮಿಷಕ್ಕೆ ಆರು ಸಲ ಮಿನುಗಿತು, ಸುಮಾರು 112 ವ್ಯಾಟ್. ಗಂಟೆಗೆ 24 ನಿಮಿಷ ಓಡುತ್ತದೆ, ಹಾಗಾಗಿ ಸರಾಸರಿ 45. ಇನ್ವರ್ಟರ್ ತಾನೇ ತಿನ್ನುವುದು ಮತ್ತು ನಷ್ಟ ಸೇರಿದರೆ ಬ್ಯಾಟರಿಯಿಂದ ಹೋಗುವುದು 70ರ ಹತ್ತಿರ.

12 ವೋಲ್ಟಿನ 200 ಎಎಚ್ ಅಂದರೆ ಲೆಕ್ಕಕ್ಕೆ 2400 ವ್ಯಾಟ್-ಅವರ್. ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿ ಬೇಗ ಸಾಯುತ್ತದೆ, ಅರ್ಧ ಮಾತ್ರ ಬಳಸಿ ಎನ್ನುತ್ತೇನೆ ನಾನು. 1200ನ್ನು 70ರಿಂದ ಭಾಗಿಸಿದರೆ ಫ್ರಿಜ್ಜು ಒಂದಕ್ಕೇ 17 ಗಂಟೆ. ಹಳೇ ಮಾದರಿಯ ಒಂದು ಫ್ಯಾನು, ಎರಡು ಬಲ್ಬು ಸೇರಿಸಿದರೆ ಏಳು ಗಂಟೆಯೂ ಬರುವುದಿಲ್ಲ. ಫ್ಯಾನು ಎಷ್ಟು ನುಂಗುತ್ತದೆ ನೋಡಿ ಅಲ್ವಾ? ನಮ್ಮಲ್ಲಿ ಮಳೆ ರಾತ್ರಿ ಅದು ಬೇಕಾಗಿಯೂ ಇಲ್ಲ.

ಆದರೆ ಹೀಗೆ ಅರ್ಧ ಖಾಲಿಯಾದ ಬ್ಯಾಟರಿ ತುಂಬಲು, 12 ಆಂಪ್ಸ್ ಚಾರ್ಜರಿನಲ್ಲಿ ಹತ್ತು ಗಂಟೆ ಕರೆಂಟು ಇರಬೇಕು. ಎರಡು ತಾಸು ಬಂದು ಮತ್ತೆ ಹೋದರೆ ಎರಡನೇ ರಾತ್ರಿಗೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಆಗ ನಾವು ಮೂರು ತಾಸಿಗೊಮ್ಮೆ ಒಂದು ಗಂಟೆ ಮಾತ್ರ ಫ್ರಿಜ್ಜು ಓಡಿಸಿ, ಬಾಗಿಲು ತೆಗೆಯದೆ ಇಡುತ್ತೇವೆ.

ಓಡುತ್ತಿದ್ದ ಫ್ರಿಜ್ಜು ಆಫ್ ಮಾಡಿದರೆ ಐದು ನಿಮಿಷ ಬಿಟ್ಟು ಹಾಕಿ. ಒಳಗಿನ ಗ್ಯಾಸಿನ ಒತ್ತಡ ಇಳಿಯದಿದ್ದರೆ ಮೋಟರು ತಿರುಗಲಾರದೆ ಗುಂಯ್ ಎಂದು, ಟಕ್ ಎಂದು ಆಫ್ ಆಗುತ್ತದೆ. ಐದು ನಿಮಿಷ ಬಿಟ್ಟರೂ ಹೀಗೇ ಆದರೆ ಬ್ಯಾಟರಿ ಟರ್ಮಿನಲ್ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಕನೆಕ್ಷನ್ ಸಡಿಲ ಇರುತ್ತದೆ.